ಹೇಳಿದ ಹೋಟೆಲ್ ಕೊಡಲಿಲ್ಲ, ಹೇಳಿದ ಜಾಗ ತೋರಿಸಲಿಲ್ಲ: ಟೂರ್ ಏಜೆನ್ಸಿಗೆ ಪತ್ರ ಬರೆಯುವುದು ಹೇಗೆ?

2025ರ ನವೆಂಬರ್‌ನಲ್ಲಿ, ಹಾಸನಾಂಬೆ ದೇವಸ್ಥಾನದ ಬಾಗಿಲು ಹಾಕಿ ನಮ್ಮೂರು ಸ್ವಲ್ಪ ತಣ್ಣಗಾದ ಮೇಲೆ, ನಾವು ನಾಲ್ಕು ಜನ ದೆಹಲಿ, ಆಗ್ರಾ, ಜೈಪುರ ನೋಡಲು ಹೊರಟೆವು. ನಾನು, ಹೆಂಡತಿ, ಅಪ್ಪ, ಅಮ್ಮ. ಆರು ರಾತ್ರಿ, ಏಳು ಹಗಲಿನ ಪ್ಯಾಕೇಜ್. ದೆಹಲಿಯವರೆಗಿನ ರೈಲು ಟಿಕೆಟ್ ನಮ್ಮದೇ. ತಲೆಗೆ 24,000 ರೂಪಾಯಿಯಂತೆ 96,000, ಅದರ ಮೇಲೆ ಶೇ. 5 ಜಿಎಸ್‌ಟಿ ಸೇರಿ ಒಟ್ಟು 1,00,800 ರೂಪಾಯಿ ಕೊಟ್ಟಿದ್ದೆವು.

ನಾಲ್ಕನೇ ದಿನ ಬೆಳಿಗ್ಗೆ ಆಗ್ರಾದಲ್ಲಿ ತಿಂಡಿ ತಿನ್ನುವಾಗ ಟೂರ್ ಮ್ಯಾನೇಜರ್ ಬಂದು ಹೇಳಿದರು: "ಸರ್, ಇವತ್ತು ಶುಕ್ರವಾರ. ತಾಜ್‌ಮಹಲ್ ರಜೆ. ನಾವೇನ್ ಮಾಡಕ್ಕಾಗುತ್ತೆ?" ಅಮ್ಮ ಕೈಯಲ್ಲಿದ್ದ ಪೂರಿಯನ್ನು ಹಾಗೇ ತಟ್ಟೆಗೆ ಇಟ್ಟರು. ಅವರು ಅಷ್ಟು ದೂರ ಬಂದಿದ್ದೇ ಅದಕ್ಕೆ.

ಊರಿಗೆ ಬಂದ ಮೇಲೆ ಕಂಪನಿಗೆ ಪತ್ರ ಬರೆದೆವು, ಒಂದಷ್ಟು ಹಣ ವಾಪಸ್ ಬಂತು. ಎಷ್ಟು ಬಂತು, ಹೇಗೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಇಂಥ ಪತ್ರದಲ್ಲಿ ಕೋಪ ಎಷ್ಟಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಏನು ಹೇಳಿದ್ದರು, ಏನು ಕೊಟ್ಟರು, ಆ ವ್ಯತ್ಯಾಸಕ್ಕೆ ಎಷ್ಟು ರೂಪಾಯಿ, ಈ ಮೂರೇ ಮುಖ್ಯ.

ಮೊದಲ ಕೆಲಸ ಟೂರ್‌ನಲ್ಲಿ ಇರುವಾಗಲೇ

ಊರಿಗೆ ಬಂದು ಬರೆದರಾಯಿತು ಅಂತ ಸುಮ್ಮನಿರಬೇಡಿ. "ಅಲ್ಲಿದ್ದಾಗ ಯಾರೂ ದೂರು ಕೊಡಲಿಲ್ಲ, ಈಗ ಬಂದು ಹೇಳ್ತಿದ್ದಾರೆ" ಅನ್ನುವುದೇ ಕಂಪನಿಯ ಮೊದಲ ಉತ್ತರ ಆಗಿರುತ್ತದೆ. ಅದಕ್ಕೆ ಮದ್ದು, ಅದೇ ದಿನ ಟೂರ್ ಮ್ಯಾನೇಜರ್‌ಗೂ ಬುಕ್ ಮಾಡಿಸಿದ ಏಜೆಂಟ್‌ಗೂ ಒಂದು ವಾಟ್ಸಾಪ್ ಮೆಸೇಜ್. ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ, ಮೆಸೇಜ್ ತಾರೀಖು ಮತ್ತು ಗಂಟೆ ಸಮೇತ ಉಳಿಯುತ್ತದೆ.

ನಾನು ಕಳಿಸಿದ್ದು ಇಷ್ಟೇ: "ಇವತ್ತು 14ನೇ ತಾರೀಖು ತಾಜ್‌ಮಹಲ್ ತೋರಿಸಬೇಕಿತ್ತು. ಶುಕ್ರವಾರ ರಜೆ ಅಂತ ಹೇಳುತ್ತಿದ್ದೀರಿ. ನಾಳೆ ಬೆಳಿಗ್ಗೆ ಜೈಪುರಕ್ಕೆ ಹೊರಡುವ ಮೊದಲು ತೋರಿಸಿ." ಅದಕ್ಕೆ ಅವರ ಉತ್ತರ: "ಸಾರಿ ಸರ್, ಬಸ್ 7 ಗಂಟೆಗೆ ಹೊರಡುತ್ತೆ." ಈ ಎರಡು ಸಾಲು ಮುಂದೆ ನಮಗೆ ತುಂಬಾ ಉಪಯೋಗಕ್ಕೆ ಬಂತು. ತಾಜ್‌ಮಹಲ್ ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ತೆರೆಯುತ್ತದೆ. ಬಸ್ಸನ್ನು ಎರಡು ಮೂರು ಗಂಟೆ ತಡ ಮಾಡಿದ್ದರೆ ಎಲ್ಲರೂ ನೋಡಿಕೊಂಡು ಬರಬಹುದಿತ್ತು. ದಾರಿ ಇತ್ತು, ನಾವು ಕೇಳಿದ್ದೆವು, ಅವರು ಒಪ್ಪಲಿಲ್ಲ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು.

ಹೋಟೆಲ್ ಬದಲಾಗಿದ್ದರೆ ಫೋಟೋ ತೆಗೆಯಿರಿ. ಬರೀ ರೂಮಿನ ಫೋಟೋ ಸಾಲದು, ಅದು ಯಾವ ಹೋಟೆಲಿನದೋ ಯಾರಿಗೆ ಗೊತ್ತಾಗುತ್ತದೆ? ಹೊರಗಿನ ಬೋರ್ಡ್‌ನಿಂದ ಶುರು ಮಾಡಿ, ಒಳಗೆ ಹೋಗುತ್ತಾ ಒಂದು ನಿಮಿಷದ ವಿಡಿಯೋ ಮಾಡಿ. ಜೈಪುರದಲ್ಲಿ ನಮಗೆ ಹೇಳಿದ್ದು ಸಿಂಧಿ ಕ್ಯಾಂಪ್ ಬಸ್ ನಿಲ್ದಾಣದ ಹತ್ತಿರದ ಮೂರು ಸ್ಟಾರ್ ಹೋಟೆಲ್. ಇಳಿಸಿದ್ದು ಆಗ್ರಾ ರಸ್ತೆಯಲ್ಲಿ, ಊರಿಂದ 13 ಕಿ.ಮೀ. ಆಚೆಯ ಒಂದು ಲಾಡ್ಜ್‌ನಲ್ಲಿ. ರೂಮು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಪ್ಪನಿಗೆ ಮಂಡಿ ನೋವು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮಂಡಿ ಹಿಡಿದುಕೊಂಡು, ಎರಡು ಕಡೆ ನಿಂತು ಉಸಿರು ತಗೊಂಡು ಹತ್ತಿದರು. ನನ್ನ ಹೆಂಡತಿ ಹಿಂದಿನಿಂದ ಮೆಟ್ಟಿಲು ಎಣಿಸಿದ್ದಳು: 52. ಪತ್ರದಲ್ಲಿ "ತುಂಬಾ ಕಷ್ಟ ಆಯಿತು" ಅನ್ನುವುದರ ಬದಲು ಆ ಸಂಖ್ಯೆಯನ್ನೇ ಬರೆದೆವು.

ಇನ್ನೊಂದು ಎಚ್ಚರಿಕೆ. ಕೊನೇ ದಿನ ಬಸ್ಸಿನಲ್ಲಿ ಫೀಡ್‌ಬ್ಯಾಕ್ ಫಾರಂ ಹಂಚುತ್ತಾರೆ. ಎಲ್ಲರಿಗೂ ಮನೆ ಸೇರುವ ಅವಸರ. ಮ್ಯಾನೇಜರ್ ಪಾಪದ ಹುಡುಗ, ಅವನ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಎಲ್ಲದಕ್ಕೂ "ತುಂಬಾ ಚೆನ್ನಾಗಿತ್ತು" ಅಂತ ಟಿಕ್ ಹಾಕಿ ಸಹಿ ಮಾಡಿಬಿಡುತ್ತೇವೆ. ಆಮೇಲೆ ಕಂಪನಿ ತೋರಿಸುವುದು ಅದೇ ಕಾಗದವನ್ನು. ಹುಡುಗನ ನಡವಳಿಕೆ ಚೆನ್ನಾಗಿದ್ದರೆ ಹಾಗೇ ಬರೆಯಿರಿ. ಕೆಳಗೆ "ತಾಜ್‌ಮಹಲ್ ತೋರಿಸಲಿಲ್ಲ, ಜೈಪುರದ ಹೋಟೆಲ್ ಬದಲಾಯಿಸಿದರು" ಅಂತಲೂ ಬರೆದು, ಫೋಟೋ ತೆಗೆದುಕೊಂಡು ಕೊಡಿ. ಈಗಾಗಲೇ ಟಿಕ್ ಹಾಕಿ ಕೊಟ್ಟಿದ್ದರೂ ಕೈ ಚೆಲ್ಲಬೇಡಿ. ಫಾರಂ ತುಂಬಿದ ಸಂದರ್ಭ ಹೇಗಿತ್ತು ಅಂತ ಪತ್ರದಲ್ಲಿ ನೀವಾಗಿಯೇ ಹೇಳಿಬಿಡಿ.

ಯಾರಿಗೆ ಬರೆಯುವುದು?

ನಾವು ಬುಕ್ ಮಾಡಿದ್ದು ಹಾಸನದ ಬಿ.ಎಂ. ರಸ್ತೆಯ ಒಬ್ಬ ಏಜೆಂಟ್ ಹತ್ತಿರ. ಮುಂಗಡ 20,000 ಅವರಿಗೆ ಯುಪಿಐನಲ್ಲಿ ಹೋಗಿತ್ತು. ಉಳಿದ 80,800 ಬೆಂಗಳೂರಿನ ಟೂರ್ ಕಂಪನಿಯ ಖಾತೆಗೆ. ಏಜೆಂಟ್ ಕೇಳಿದರೆ "ನಾವು ಬರೀ ಬುಕಿಂಗ್ ಮಾಡೋರು ಸರ್, ಕಂಪನಿಯವರನ್ನ ಕೇಳಿ" ಅಂದರು. ಕಂಪನಿಗೆ ಫೋನ್ ಮಾಡಿದರೆ "ನಿಮಗೆ ಏಜೆಂಟ್ ಏನು ಹೇಳಿದ್ದಾರೋ ನಮಗೆ ಗೊತ್ತಿಲ್ಲ" ಅಂದರು.

ಈ ಓಡಾಟ ತಪ್ಪಿಸಲು ಒಂದೇ ಪತ್ರವನ್ನು ಇಬ್ಬರ ಹೆಸರಿಗೂ ಬರೆಯಿರಿ. ಹಣದ ರಸೀದಿಯಲ್ಲಿ, ಜಿಎಸ್‌ಟಿ ಬಿಲ್‌ನಲ್ಲಿ ಯಾವ ಹೆಸರು, ಯಾವ ವಿಳಾಸ ಇದೆಯೋ ಅದನ್ನೇ ಹಾಕಿ. ಅಂಗಡಿ ಬೋರ್ಡಿನ ಹೆಸರು ಬೇರೆ, ಬಿಲ್ಲಿನ ಹೆಸರು ಬೇರೆ ಇರುವುದು ಜಾಸ್ತಿ.

"ಅಥವಾ ಸಮಾನವಾದ ಹೋಟೆಲ್" ಅಂದರೆ ಏನು?

ಬರೆಯುವ ಮೊದಲು ಬ್ರೋಷರ್ ತೆಗೆದು, ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ. ಅಲ್ಲಿ ಎರಡು ವಾಕ್ಯ ಇರುತ್ತವೆ. ಕಂಪನಿ ನಿಲ್ಲುವುದು ಅವುಗಳ ಮೇಲೆಯೇ.

ಒಂದು, ಹೋಟೆಲ್ ಹೆಸರಿನ ಪಕ್ಕದಲ್ಲಿ "ಅಥವಾ ಸಮಾನವಾದದ್ದು" ಅನ್ನುವುದು. ಅದನ್ನು ನೋಡಿ ಬಹಳ ಜನ ಸೋತೆವು ಅಂದುಕೊಳ್ಳುತ್ತಾರೆ. ಆದರೆ ಆ ಮಾತು ಹೋಟೆಲ್ ಬದಲಾಯಿಸಲು ಮಾತ್ರ ಅವಕಾಶ ಕೊಡುತ್ತದೆ, ದರ್ಜೆ ಇಳಿಸಲು ಅಲ್ಲ. ಬೇಲೂರು, ಹಳೇಬೀಡು ನೋಡಲು ಬಂದವರಿಗೆ ಹಾಸನ ಪೇಟೆಯಲ್ಲಿ ರೂಮು ಅಂತ ಹೇಳಿ ಚನ್ನರಾಯಪಟ್ಟಣದಲ್ಲಿ ಇಳಿಸಿದರೆ, ರೂಮು ಎಷ್ಟೇ ಚೆನ್ನಾಗಿದ್ದರೂ ಅದು ಸಮಾನ ಆಗುತ್ತದಾ? ಹಾಗಾಗಿ ಪತ್ರದಲ್ಲಿ ನಾಲ್ಕು ವಿಷಯ ಹೋಲಿಸಿ: ಸ್ಟಾರ್ ದರ್ಜೆ, ಊರೊಳಗಿನಿಂದ ದೂರ, ಲಿಫ್ಟ್ ಮತ್ತು ಬಿಸಿನೀರಿನಂಥ ಸೌಕರ್ಯ, ಒಂದು ರಾತ್ರಿಯ ಬಾಡಿಗೆ. ಬಾಡಿಗೆಯೇ ಗಟ್ಟಿ ಸಾಕ್ಷಿ. ಎರಡೂ ಹೋಟೆಲಿನ ದರವನ್ನು ಬುಕಿಂಗ್ ಆ್ಯಪ್‌ನಲ್ಲಿ ಒಂದೇ ತಾರೀಖಿಗೆ ಹುಡುಕಿ ಸ್ಕ್ರೀನ್‌ಶಾಟ್ ತೆಗೆಯಿರಿ. ನಮ್ಮ ವಿಷಯದಲ್ಲಿ ಹೇಳಿದ ಹೋಟೆಲಿಗೆ 4,200, ಕೊಟ್ಟ ಲಾಡ್ಜಿಗೆ 1,700 ಇತ್ತು.

ಎರಡನೆಯದು, "ನಮ್ಮ ಕೈಮೀರಿದ ಕಾರಣಗಳಿಗೆ ಕಂಪನಿ ಹೊಣೆಯಲ್ಲ" ಅನ್ನುವುದು. ಇದರಲ್ಲಿ ನ್ಯಾಯ ಇದೆ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ, ಮಂಜಿನಿಂದ ವಿಮಾನ ನಿಂತರೆ ಯಾರೂ ಏನೂ ಮಾಡಲಾಗುವುದಿಲ್ಲ. ಆಗ ಜಗಳಕ್ಕೆ ಹೋಗಬೇಡಿ. ಆದರೆ ಖರ್ಚಾಗದೆ ಉಳಿದ ಹಣವನ್ನು ಕೇಳಬಹುದು. ತಾಜ್‌ಮಹಲ್‌ಗೆ ಶುಕ್ರವಾರ ರಜೆ ಅನ್ನುವುದು ಮಾತ್ರ ಆ ಜಾತಿಗೆ ಸೇರುವುದಿಲ್ಲ. ಅದು ಪ್ರತಿ ವಾರದ ರಜೆ, ಎಲ್ಲರಿಗೂ ಗೊತ್ತಿರುವ ವಿಷಯ.

ಹಾಗಾದರೆ ಈ ತಪ್ಪು ಆಗುವುದು ಹೇಗೆ? ನಮ್ಮ ಬ್ರೋಷರಿನಲ್ಲಿ "1ನೇ ದಿನ, 2ನೇ ದಿನ" ಅಂತ ಮಾತ್ರ ಇತ್ತು, ತಾರೀಖಾಗಲಿ ವಾರವಾಗಲಿ ಇರಲಿಲ್ಲ. ಹೊರಡುವ ದಿನ ಬೇರೆ ಬೇರೆ ಆದರೂ ಎಲ್ಲ ಬ್ಯಾಚಿಗೂ ಅದೇ ಹಾಳೆ. ಸೋಮವಾರ ಶುರುವಾದ ಬ್ಯಾಚಿಗೆ ನಾಲ್ಕನೇ ದಿನ ಗುರುವಾರ ಬರುತ್ತದೆ, ತೊಂದರೆ ಇಲ್ಲ. ನಾವು ಹೊರಟಿದ್ದು 11ನೇ ತಾರೀಖು ಮಂಗಳವಾರ, ನಾಲ್ಕನೇ ದಿನ ಶುಕ್ರವಾರ ಆಯಿತು. ಕಂಪನಿಯಲ್ಲಿ ಯಾರೂ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ನಿಮ್ಮ ಟೂರ್‌ನಲ್ಲೂ ಒಂದು ಜಾಗ "ಮುಚ್ಚಿತ್ತು" ಅಂದರೆ ಮೊದಲು ಅದರ ವಾರದ ರಜೆ ನೋಡಿ. ದೆಹಲಿಯ ಕೆಂಪು ಕೋಟೆಗೂ ಅಕ್ಷರಧಾಮಕ್ಕೂ ಸೋಮವಾರ ರಜೆ.

ಎಷ್ಟು ಹಣ ಕೇಳುವುದು?

ಜನ ಎಡವುವುದು ಇಲ್ಲೇ. ಕೆಲವರು ಮೊತ್ತವನ್ನೇ ಬರೆಯುವುದಿಲ್ಲ, "ಸೂಕ್ತ ಪರಿಹಾರ ಕೊಡಿ" ಅಂತ ಬಿಡುತ್ತಾರೆ. ಕೆಲವರು ಪೂರ್ತಿ ಹಣ ವಾಪಸ್ ಕೇಳುತ್ತಾರೆ. ದೆಹಲಿಯಲ್ಲಿ ಎರಡು ದಿನ ಎಲ್ಲ ಸರಿಯಾಗಿತ್ತು, ಊಟ ಚೆನ್ನಾಗಿತ್ತು ಅಂದ ಮೇಲೆ ಪೂರ್ತಿ ಹಣ ಕೇಳಿದರೆ ಪತ್ರದ ತೂಕ ಹೋಗುತ್ತದೆ.

ಕಂಪನಿ ತನ್ನ ಲೆಕ್ಕವನ್ನು ಟಿಕೆಟ್ ದರದಿಂದ ಶುರು ಮಾಡುತ್ತದೆ. ತಾಜ್‌ಮಹಲ್‌ಗೆ ಭಾರತೀಯರಿಗೆ 50 ರೂಪಾಯಿ, ಗೋರಿಯಿರುವ ಮುಖ್ಯ ಕಟ್ಟಡಕ್ಕೆ ಇನ್ನೂ 200. "ತಲೆಗೆ 250 ವಾಪಸ್ ಕೊಡ್ತೀವಿ" ಅಂದುಬಿಡುತ್ತಾರೆ. ಆದರೆ ನಾವು ದುಡ್ಡು ಕೊಟ್ಟಿದ್ದು ಟಿಕೆಟ್ಟಿಗೆ ಮಾತ್ರ ಅಲ್ವಲ್ಲ. ಅಲ್ಲಿಗೆ ಕರೆದುಕೊಂಡು ಹೋಗುವ ಬಸ್ಸು, ಉಳಿಯುವ ರೂಮು, ಗೈಡ್, ಎಲ್ಲ ಸೇರಿ ಆ ದಿನ. ಅದಕ್ಕೆ ದಿನದ ಲೆಕ್ಕ ಹಿಡಿಯಿರಿ. 1,00,800ನ್ನು 7ರಿಂದ ಭಾಗಿಸಿದರೆ ದಿನಕ್ಕೆ 14,400.

ಶುಕ್ರವಾರ ಆಗ್ರಾ ಕೋಟೆ ತೋರಿಸಿದ್ದರು, ಹಾಗಾಗಿ ನಾವು ಅರ್ಧ ದಿನ ಮಾತ್ರ ಕೇಳಿದೆವು: 7,200. ಶನಿವಾರ ಜೈಪುರದ ದಾರಿಯಲ್ಲಿ ಫತೇಪುರ್ ಸಿಕ್ರಿ ಇತ್ತು, ಟೈಮ್ ಇಲ್ಲ ಅಂತ ನಿಲ್ಲಿಸಲೇ ಇಲ್ಲ. ಅದಕ್ಕೆ ಕಾಲು ದಿನ: 3,600. ಜೈಪುರದ ಹೋಟೆಲಿನ ವ್ಯತ್ಯಾಸ ರೂಮಿಗೆ 2,500, ಎರಡು ರೂಮು, ಎರಡು ರಾತ್ರಿ: 10,000. ಲಾಡ್ಜ್ ದೂರ ಇದ್ದಿದ್ದರಿಂದ ಎರಡು ಸಂಜೆ ಪೇಟೆಗೆ ಹೋಗಿಬರಲು ಟ್ಯಾಕ್ಸಿಗೆ ಕೊಟ್ಟಿದ್ದು 1,800, ಆ್ಯಪ್‌ನಲ್ಲಿ ಬಿಲ್ ಇತ್ತು. ಒಟ್ಟು 22,600.

ಮಾನಸಿಕ ಕಿರಿಕಿರಿಗೆ ಅಂತ ಮೊದಲ ಪತ್ರದಲ್ಲಿ ನಾವು ಹಣ ಕೇಳಲಿಲ್ಲ. ಕೇಳಬಾರದು ಅಂತಲ್ಲ, ಗ್ರಾಹಕರ ಆಯೋಗಕ್ಕೆ ಹೋದರೆ ಅದನ್ನೂ ಕೇಳಬಹುದು. ಈಗಲೇ ಕೊಟ್ಟು ಮುಗಿಸಿದರೆ ಕಂಪನಿಗೇ ಕಡಿಮೆ ಬೀಳುತ್ತದೆ ಅನ್ನುವುದು ಅವರಿಗೆ ಕಾಣಲಿ ಅಂತ ಹಾಗೆ ಮಾಡಿದೆವು.

ನಾವು ಬರೆದ ಪತ್ರ

ಒಂದೂವರೆ ಪುಟ ದಾಟಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಮೊದಲ ಸಲ ಬರೆದಾಗ ಮೂರು ಪುಟ ಆಗಿತ್ತು, "ಮೋಸಗಾರರು" ಅನ್ನುವ ಪದವೂ ಇತ್ತು. ಅದನ್ನು ತೆಗೆದೆ. ಅಂಥ ಪದ ಇದ್ದರೆ ಅವರು ಅದಕ್ಕೇ ಉತ್ತರ ಕೊಟ್ಟು, ಹೋಟೆಲ್ ವಿಷಯ ಬಿಟ್ಟುಬಿಡುತ್ತಾರೆ. ಹೆಸರು, ವಿಳಾಸ ಬಿಟ್ಟು ಪತ್ರ ಹೀಗಿತ್ತು:

> ಹಾಸನ, 24-11-2025
>
> ಇವರಿಗೆ:
> 1. ವ್ಯವಸ್ಥಾಪಕರು, (ಟೂರ್ ಕಂಪನಿಯ ಹೆಸರು), ಬೆಂಗಳೂರು
> 2. ಮಾಲೀಕರು, (ಏಜೆನ್ಸಿಯ ಹೆಸರು), ಬಿ.ಎಂ. ರಸ್ತೆ, ಹಾಸನ
>
> ವಿಷಯ: 11-11-2025ರಿಂದ 17-11-2025ರವರೆಗಿನ ದೆಹಲಿ–ಆಗ್ರಾ–ಜೈಪುರ ಪ್ರವಾಸದಲ್ಲಿ ಒಪ್ಪಿದ ಸೇವೆ ಕೊಡದಿರುವುದು, 22,600 ರೂ. ವಾಪಸ್ ಕೋರಿಕೆ.
> ಉಲ್ಲೇಖ: ಬುಕಿಂಗ್ ಸಂಖ್ಯೆ ___, ಬಿಲ್ ಸಂಖ್ಯೆ ___
>
> ಮಾನ್ಯರೇ,
>
> ಮೇಲಿನ ಪ್ರವಾಸಕ್ಕೆ ನಾವು ನಾಲ್ವರು 1,00,800 ರೂ. ಪಾವತಿಸಿದ್ದೇವೆ. ದೆಹಲಿಯ ವ್ಯವಸ್ಥೆ ಮತ್ತು ಊಟ ಹೇಳಿದಂತೆಯೇ ಇತ್ತು. ಈ ಕೆಳಗಿನವು ಇರಲಿಲ್ಲ.
>
> 14-11-2025, ಶುಕ್ರವಾರ: ಕಾರ್ಯಕ್ರಮ ಪಟ್ಟಿಯಲ್ಲಿ ತಾಜ್‌ಮಹಲ್ ಇತ್ತು. ಶುಕ್ರವಾರ ಅದಕ್ಕೆ ವಾರದ ರಜೆ. ದಿನ ನಿಗದಿ ಮಾಡಿದವರು ನೀವು. ಮರುದಿನ ಬೆಳಿಗ್ಗೆ ತೋರಿಸಿ ಎಂದು ಅಂದೇ ಲಿಖಿತವಾಗಿ ಕೇಳಿದೆವು, ನಿಮ್ಮ ಮ್ಯಾನೇಜರ್ ಒಪ್ಪಲಿಲ್ಲ (ದಾಖಲೆ 3).
>
> 15-11-2025, ಶನಿವಾರ: ಫತೇಪುರ್ ಸಿಕ್ರಿ ತೋರಿಸಲಿಲ್ಲ. ಬದಲಿ ಜಾಗವನ್ನೂ ತೋರಿಸಲಿಲ್ಲ.
>
> 15 ಮತ್ತು 16-11-2025ರ ರಾತ್ರಿ: ಜೈಪುರದಲ್ಲಿ ಬ್ರೋಷರಿನಲ್ಲಿ ಹೆಸರಿಸಿದ ಮೂರು ಸ್ಟಾರ್ ಹೋಟೆಲ್ ಬದಲು ಊರಿಂದ 13 ಕಿ.ಮೀ. ದೂರದ ಲಾಡ್ಜ್ ಕೊಟ್ಟಿರಿ. ಸ್ಟಾರ್ ದರ್ಜೆ ಇಲ್ಲ, ಲಿಫ್ಟ್ ಇಲ್ಲ. ಹಿರಿಯರಿಗೆ ಲಿಫ್ಟ್ ಬೇಕೆಂದು ಬುಕಿಂಗ್ ಸಮಯದಲ್ಲೇ ತಿಳಿಸಿದ್ದೆವು (ದಾಖಲೆ 4). ಮಂಡಿ ನೋವಿರುವ ನನ್ನ ತಂದೆ ಪ್ರತಿ ಸಲ 52 ಮೆಟ್ಟಿಲು ಹತ್ತಿ ಇಳಿಯಬೇಕಾಯಿತು. ದರ್ಜೆ, ಸ್ಥಳ, ಸೌಕರ್ಯ, ಬಾಡಿಗೆ ಯಾವುದರಲ್ಲೂ ಇದು "ಸಮಾನವಾದ" ಹೋಟೆಲ್ ಅಲ್ಲ (ದಾಖಲೆ 5, 6).
>
> ಇದು ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆ. ಆದ್ದರಿಂದ ಕೆಳಗಿನ ಮೊತ್ತ ವಾಪಸ್ ಕೊಡಬೇಕು: ತಾಜ್‌ಮಹಲ್, ಅರ್ಧ ದಿನ 7,200, ಫತೇಪುರ್ ಸಿಕ್ರಿ, ಕಾಲು ದಿನ 3,600, ಹೋಟೆಲ್ ವ್ಯತ್ಯಾಸ 10,000, ಟ್ಯಾಕ್ಸಿ 1,800. ಒಟ್ಟು 22,600 ರೂ.
>
> 09-12-2025ರೊಳಗೆ ಈ ಹಣವನ್ನು ಕೆಳಗಿನ ಬ್ಯಾಂಕ್ ಖಾತೆಗೆ ಜಮಾ ಮಾಡಿ. ತಪ್ಪಿದರೆ ಹಾಸನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇಬ್ಬರ ಮೇಲೂ ದೂರು ಸಲ್ಲಿಸಿ, ಈ ಮೊತ್ತದ ಜೊತೆಗೆ ಪರಿಹಾರ ಮತ್ತು ಖರ್ಚನ್ನೂ ಕೇಳುತ್ತೇನೆ.
>
> ಇಂತಿ, (ಸಹಿ)
> ಲಗತ್ತು: 1. ಬಿಲ್ ಮತ್ತು ಪಾವತಿ ವಿವರ 2. ಬ್ರೋಷರ್ 3, 4. ವಾಟ್ಸಾಪ್ ಸಂದೇಶ 5. ಹೋಟೆಲ್ ಫೋಟೋ 6. ಬಾಡಿಗೆ ಹೋಲಿಕೆ 7. ಟ್ಯಾಕ್ಸಿ ಬಿಲ್

"ಇಷ್ಟು ದಿನದೊಳಗೆ" ಅಂತ ಬರೆಯದೆ ತಾರೀಖನ್ನೇ ಹಾಕಿದ್ದೇವೆ, ನೋಡಿ. "ಪತ್ರ ತಲುಪಿದ 15 ದಿನದೊಳಗೆ" ಅಂದರೆ ಯಾವತ್ತು ತಲುಪಿತು ಅನ್ನುವ ಚರ್ಚೆ ಶುರುವಾಗುತ್ತದೆ. ಲಗತ್ತಿಗೆ ಜೆರಾಕ್ಸ್ ಮಾತ್ರ ಕಳಿಸಿ, ಅಸಲು ನಿಮ್ಮ ಹತ್ತಿರ ಇರಲಿ. ವಾಟ್ಸಾಪ್ ಚಾಟ್ ಮತ್ತು ಫೋಟೋಗಳನ್ನು ಆ ಮೊಬೈಲ್‌ನಿಂದ ಅಳಿಸಬೇಡಿ.

ನಾವು ಪ್ರಧಾನ ಅಂಚೆ ಕಚೇರಿಯಿಂದ ಇಬ್ಬರಿಗೂ ಸ್ಪೀಡ್ ಪೋಸ್ಟ್ ಮಾಡಿ, ಅದನ್ನೇ ಸ್ಕ್ಯಾನ್ ಮಾಡಿ ಇಮೇಲ್ ಕೂಡ ಕಳಿಸಿದೆವು. ಅಂಚೆ ರಸೀದಿ ಜೋಪಾನ. ತಲುಪಿದ ಮೇಲೆ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಡಿ.

ಅವರು ಫೋನ್ ಮಾಡಿದಾಗ

ಉತ್ತರ ಪತ್ರದಲ್ಲಿ ಬರುವುದು ಕಡಿಮೆ, ಫೋನ್ ಬರುತ್ತದೆ. ನಮಗೆ ಡಿಸೆಂಬರ್ 3ಕ್ಕೆ ಬಂತು. ಮಾತು ಬಹಳ ನಯವಾಗಿತ್ತು. "ಮುಂದಿನ ಟೂರ್‌ನಲ್ಲಿ ತಲೆಗೆ 1,500 ಡಿಸ್ಕೌಂಟ್ ಕೊಡ್ತೀವಿ ಸರ್, ಇದನ್ನ ಇಲ್ಲಿಗೇ ಬಿಡಿ" ಅಂದರು. ಕೂಪನ್ ಹಣ ಅಲ್ಲ. ಅದನ್ನು ಬಳಸಬೇಕಾದರೆ ಮತ್ತೆ ಅವರಿಗೇ ಲಕ್ಷ ಕೊಡಬೇಕು. ಬೇಡ ಅಂದೆ. ಫೋನ್ ಇಟ್ಟ ತಕ್ಷಣ ಆಡಿದ ಮಾತನ್ನೆಲ್ಲ ಇಮೇಲ್ ಮಾಡಿದೆ: "ಇವತ್ತು ನೀವು ಕೂಪನ್ ಕೊಡುವುದಾಗಿ ಹೇಳಿದಿರಿ, ನಾನು ಒಪ್ಪಿಲ್ಲ, ನನ್ನ ಕೋರಿಕೆ ಹಾಗೇ ಇದೆ." ನೀವೂ ಹೀಗೇ ಮಾಡಿ. ಫೋನಿನಲ್ಲಿ "ಆಯ್ತು ನೋಡೋಣ" ಅಂದಿದ್ದನ್ನೇ ಒಪ್ಪಿಗೆ ಅಂದುಕೊಂಡುಬಿಡುತ್ತಾರೆ.

ಡಿಸೆಂಬರ್ 8ಕ್ಕೆ ಮತ್ತೆ ಕರೆ ಬಂತು. ಫತೇಪುರ್ ಸಿಕ್ರಿ ವಿಷಯದಲ್ಲಿ ಆ ದಿನ ಟ್ರಾಫಿಕ್ ಇತ್ತು ಅಂತ ವಾದ ಮಾಡಿದರು. ಟ್ರಾಫಿಕ್ ಇದ್ದಿದ್ದು ನಿಜ, ನಾವೂ ಬಸ್ಸಿನಲ್ಲೇ ಇದ್ದೆವಲ್ಲ. ಆ 3,600 ಬಿಟ್ಟೆವು. ಉಳಿದ 19,000 ಖಾತೆಗೆ ಬಂತು. ಇಂಥ ಕಡೆ ಎಲ್ಲಿ ಸಡಿಲ ಬಿಡಬಹುದು ಅಂತ ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು. "ಸಂಪೂರ್ಣ ಇತ್ಯರ್ಥ, ಇನ್ನು ಯಾವ ಬಾಕಿಯೂ ಇಲ್ಲ" ಅನ್ನುವ ಕಾಗದಕ್ಕೆ ಸಹಿ ಕೇಳುತ್ತಾರೆ. ಹಣ ಖಾತೆಗೆ ಬಂದ ಮೇಲೆ ಸಹಿ ಮಾಡಿ, ಮೊದಲಲ್ಲ. ಒಮ್ಮೆ ಸಹಿ ಮಾಡಿದರೆ ಮತ್ತೆ ಜಾಸ್ತಿ ಕೇಳಲು ದಾರಿ ಕಷ್ಟ.

ಉತ್ತರವೇ ಬರದಿದ್ದರೆ

ಗಡುವು ದಾಟಿದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಹಣ ಕೊಡಿ ಅಂತ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಆದರೆ ಕೆಲವು ಕಂಪನಿಗಳು ಅಲ್ಲಿಗೇ ಎಚ್ಚರಗೊಳ್ಳುತ್ತವೆ.

ಆದೇಶ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ. ಬ್ರೋಷರಿನಲ್ಲಿ "ಎಲ್ಲ ವ್ಯಾಜ್ಯ ಬೆಂಗಳೂರಿನ ನ್ಯಾಯಾಲಯದಲ್ಲಿ ಮಾತ್ರ" ಅಂತ ಇದ್ದರೂ ಹೆದರಬೇಡಿ. 2019ರ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಸನದವರು ಹಾಸನದಲ್ಲಿ, ಚಿಕ್ಕಮಗಳೂರಿನವರು ಚಿಕ್ಕಮಗಳೂರಿನಲ್ಲಿ. ನೀವು ಕೊಟ್ಟ ಪ್ಯಾಕೇಜ್ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. e-jagriti.gov.in ನಲ್ಲಿ ಆನ್‌ಲೈನ್ ಆಗಿ ಸಲ್ಲಿಸಬಹುದು. ದೂರಿನ ಜೊತೆ ಒಂದು ಪ್ರಮಾಣಪತ್ರ, ಅಂದರೆ ಅಫಿಡವಿಟ್, ಬೇಕಾಗುತ್ತದೆ. ಆಗ ಈ ಪತ್ರ, ಅಂಚೆ ರಸೀದಿ, ಏಳು ಲಗತ್ತು ಎಲ್ಲವೂ ಹಾಗೇ ಫೈಲಿಗೆ ಹೋಗುತ್ತವೆ, ಹೊಸದಾಗಿ ಬರೆಯುವುದು ಸ್ವಲ್ಪವೇ.

ಕಾಲಮಿತಿ ಎರಡು ವರ್ಷ. ಟೂರ್ ಮುಗಿದ ದಿನದಿಂದ ಎಣಿಸಿಕೊಳ್ಳಿ. ಕಂಪನಿಯವರು "ಪರಿಶೀಲನೆಯಲ್ಲಿದೆ" ಅಂತ ತಿಂಗಳುಗಟ್ಟಲೆ ಹೇಳುತ್ತಿದ್ದರೂ ಆ ಎರಡು ವರ್ಷ ಓಡುತ್ತಲೇ ಇರುತ್ತದೆ.